ಬಾಲ ಬಿಡುವ ಅಕ್ಷರ, ಕೈ ಚಾಚದ ಅಕ್ಷರ: ಉರ್ದು ಪದವನ್ನು ಬಿಡಿಸಿ ಓದುವ ಕ್ರಮ

ಅಲಿಫ್, ಬೇ, ಪೇ ಎಂದು ಉರ್ದು ವರ್ಣಮಾಲೆಯನ್ನು ಬಾಯಿಪಾಠ ಮಾಡಿ, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ತಿದ್ದಿ ಕಲಿತವರು ಕೂಡ ಅಂಗಡಿಯ ಫಲಕದ ಮುಂದೆ ನಿಂತಾಗ ತಡವರಿಸುತ್ತಾರೆ. ತಿದ್ದಿದ ಅಕ್ಷರಗಳು ಅಲ್ಲಿ ಕಾಣಿಸುವುದೇ ಇಲ್ಲ. ಯಾಕೆಂದರೆ ಉರ್ದುವಿನಲ್ಲಿ ಅಕ್ಷರದ ಪೂರ್ತಿ ರೂಪ ಬರುವುದು ಅದು ಒಂಟಿಯಾಗಿದ್ದಾಗ ಅಥವಾ ಪದದ ಕೊನೆಯಲ್ಲಿ ಬಂದಾಗ ಮಾತ್ರ. ಪದದೊಳಗೆ ಸೇರಿದ ಕೂಡಲೇ ಅದು ಮೈ ಕುಗ್ಗಿಸಿ ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಈ ಕುಗ್ಗುವಿಕೆಗೆ ಕ್ರಮವಿದೆ. ಆ ಕ್ರಮ ಗೊತ್ತಾದರೆ ಒಂದೊಂದು ಅಕ್ಷರಕ್ಕೂ ನಾಲ್ಕು ನಾಲ್ಕು ರೂಪ ಉರು ಹೊಡೆಯುವ ಅಗತ್ಯ ಬೀಳುವುದಿಲ್ಲ.

ಉದಾಹರಣೆಗೆ ಇಲ್ಲಿ ಹೆಚ್ಚಾಗಿ ಕನ್ನಡಕ್ಕೂ ಬಂದಿರುವ ಪದಗಳನ್ನೇ ತೆಗೆದುಕೊಂಡಿದೆ: ಬಜಾರು, ದರ್ಬಾರು, ಅರ್ಜಿ, ಜಿಲ್ಲೆ, ತಹಶೀಲ್ದಾರ. ಉಚ್ಚಾರ ಮೊದಲೇ ಗೊತ್ತಿರುವುದರಿಂದ ಕಣ್ಣು ಆಕಾರದ ಮೇಲೆ ನಿಲ್ಲುತ್ತದೆ.

ಮೊದಲು ದಿಕ್ಕು

ಉರ್ದು ಪುಸ್ತಕದ ಬೆನ್ನು ಬಲಗಡೆ ಇರುತ್ತದೆ. ನಾವು ಹಿಂದಿನ ರಟ್ಟು ಎನ್ನುವುದೇ ಅಲ್ಲಿ ಮುಖಪುಟ. ಸಾಲು ಪುಟದ ಬಲ ಅಂಚಿನಿಂದ ಹೊರಟು ಎಡಕ್ಕೆ ಹೋಗುತ್ತದೆ, ಮುಂದಿನ ಸಾಲು ಮತ್ತೆ ಬಲದಿಂದ. ಅಲ್ಪವಿರಾಮವೂ ಪ್ರಶ್ನಾರ್ಥಕವೂ ಅದಕ್ಕೆ ತಕ್ಕಂತೆ ತಿರುಗಿಕೊಂಡಿರುತ್ತವೆ (، ಮತ್ತು ؟). ಪೂರ್ಣವಿರಾಮ ಚುಕ್ಕೆಯಲ್ಲ, ಸಾಲಿನ ತಳದಲ್ಲಿ ಎಳೆದ ಒಂದು ಗಿಡ್ಡ ಗೆರೆ (۔). ಚುಕ್ಕೆಗಳಿಗೆ ಈ ಬರಹದಲ್ಲಿ ಬೇರೆ ಕೆಲಸವಿರುವುದರಿಂದ ವಾಕ್ಯದ ಕೊನೆಗೆ ಗೆರೆ ಇರುವುದು ಓದುಗನಿಗೆ ಅನುಕೂಲವೇ.

ಈ ದಿಕ್ಕು ಉರ್ದುವಿಗೆ ವಂಶದಿಂದ ಬಂದದ್ದು. ಉರ್ದು ಲಿಪಿ ಫಾರಸಿಯಿಂದ ಬಂತು, ಫಾರಸಿ ಲಿಪಿ ಅರಬ್ಬಿಯಿಂದ, ಅರಬ್ಬಿ ನಬಾತಿಯರ ಬರಹದಿಂದ, ಅದು ಅರಮಾಯಿಕ್‌ನಿಂದ. ಇವೆಲ್ಲ ಬಲದಿಂದ ಎಡಕ್ಕೆ ಹೋಗುವ ಲಿಪಿಗಳು. ಅರಮಾಯಿಕ್ ಪ್ರಭಾವದಿಂದ ಹುಟ್ಟಿದ ಇನ್ನೊಂದು ಲಿಪಿ ಖರೋಷ್ಠಿ, ಅದೂ ಬಲದಿಂದ ಎಡಕ್ಕೇ. ಅದರ ಒಂದು ಸಣ್ಣ ಗುರುತು ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೂ ಇದೆ. ಅಲ್ಲಿನ ಅಶೋಕನ ಶಾಸನ ಬ್ರಾಹ್ಮಿಯಲ್ಲಿದ್ದರೂ, ಅದನ್ನು ಬರೆದ ಚಪಡ ಎಂಬವನು ಕೊನೆಯಲ್ಲಿ 'ಲಿಪಿಕಾರನಿಂದ' ಎಂಬರ್ಥದ ಮಾತನ್ನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಬಲದಿಂದ ಎಡಕ್ಕೆ ಸಾಗುವ ಬರಹ ಈ ನೆಲಕ್ಕೆ ಬಂದು ಎರಡು ಸಾವಿರ ವರ್ಷದ ಮೇಲಾಯಿತು.

ಅಂಕಿಗಳು ಮಾತ್ರ ಎಡದಿಂದ ಬಲಕ್ಕೆ. ಹೊಸಬರು ಮೊದಲು ಎಡವುವುದು ಇಲ್ಲೇ. 1956 ಎಂಬ ಇಸವಿಯನ್ನು ಉರ್ದು ಅಂಕಿಗಳಲ್ಲಿ ۱۹۵۶ ಎಂದು ಬರೆಯುತ್ತಾರೆ: ಒಂದು ಎಡತುದಿಯಲ್ಲಿ, ಆರು ಬಲತುದಿಯಲ್ಲಿ, ನಮ್ಮ ಹಾಗೆಯೇ. ಕೈಯಲ್ಲಿ ಬರೆಯುವವರು ಸಾಲಿನ ಮಧ್ಯೆ ಸಂಖ್ಯೆ ಬಂದಾಗ ನಾಲ್ಕು ಅಂಕಿಗೆ ಬೇಕಾದಷ್ಟು ಜಾಗವನ್ನು ಎಡಕ್ಕೆ ಬಿಟ್ಟು, ಲೇಖನಿಯನ್ನು ಅಲ್ಲಿಗೆ ಹಾರಿಸಿ, ಸಂಖ್ಯೆಯನ್ನು ಎಡದಿಂದ ಬಲಕ್ಕೆ ಬರೆದು ಮುಗಿಸಿ, ಮತ್ತೆ ಅದರ ಎಡಬದಿಗೆ ಹೋಗಿ ಪದ ಮುಂದುವರಿಸುತ್ತಾರೆ. ಓದುವಾಗಲೂ ಕಣ್ಣು ಹೀಗೆಯೇ ಒಮ್ಮೆ ಹಾರಬೇಕು. ಇಲ್ಲವಾದರೆ 1956 ಎಂಬುದು 6591 ಆಗುತ್ತದೆ.

ಈ ಲೇಖನ ಓದುವಾಗಲೂ ಒಂದು ಎಚ್ಚರಿಕೆ ಬೇಕು. ಕನ್ನಡ ಸಾಲಿನ ನಡುವೆ ಉರ್ದು ಅಕ್ಷರಗಳ ಸಾಲು ಬಂದಾಗ ಆ ತುಣುಕನ್ನಷ್ಟೇ ಬಲದಿಂದ ಓದಿ, ಆಮೇಲೆ ಕನ್ನಡಕ್ಕೆ ಎಡದಿಂದ ಮರಳಿ.

ತಲೆ ಉಳಿಯುತ್ತದೆ, ಬಾಲ ಹೋಗುತ್ತದೆ

ಅಕ್ಷರದ ರೂಪ ಬದಲಾಗುವುದು ಕನ್ನಡಿಗರಿಗೆ ಹೊಸದಲ್ಲ. 'ಕ'ದ ತಲೆಕಟ್ಟು 'ಕಿ'ಯಲ್ಲಿ ಹೋಗಿಬಿಡುತ್ತದೆ. 'ರ' ಎಂಬುದು 'ಕ್ರ'ದಲ್ಲಿ ಒಂದು ಬಗೆ, 'ರ್ಕ'ದಲ್ಲಿ ಅರ್ಕಾವತ್ತಾಗಿ ಇನ್ನೊಂದು ಬಗೆ. 'ಮ'ದ ಒತ್ತು 'ಮ'ದ ಹಾಗೆ ಕಾಣುವುದೂ ಇಲ್ಲ. ನಾವು ಕೆಳಗೆ ಮೇಲೆ ಪೇರಿಸಿ ಮಾಡುವುದನ್ನು ಉರ್ದು ಅಕ್ಕಪಕ್ಕ ಹೆಣೆದು ಮಾಡುತ್ತದೆ.

ಬಿಡಿಯಾಗಿ ಬರೆದ ಒಂದು ಅಕ್ಷರವನ್ನು ಹತ್ತಿರದಿಂದ ನೋಡಿ: س, ಅಂದರೆ ಸೀನ್. ಬಲಬದಿಯಲ್ಲಿ ಗರಗಸದಂಥ ಮೂರು ಹಲ್ಲು. ಎಡಬದಿಯಲ್ಲಿ ಸಾಲಿನ ಕೆಳಗಿಳಿದು ಬಟ್ಟಲಿನಂತೆ ಮೇಲೆ ಬರುವ ದೊಡ್ಡ ಬಾಗು. ಆ ಹಲ್ಲುಗಳು ಅಕ್ಷರದ ತಲೆ, ಅದರ ಗುರುತು. ಬಟ್ಟಲು ಅದರ ಬಾಲ. ಬಾಲ ಹೇಳುವುದು ಒಂದೇ ಮಾತು: ಲೇಖನಿ ಇಲ್ಲಿ ನಿಂತಿತು. ಮುಂದೆ ಇನ್ನೊಂದು ಅಕ್ಷರ ಇದ್ದರೆ ಲೇಖನಿ ನಿಲ್ಲುವುದಿಲ್ಲ, ಹಾಗಾಗಿ ಬಾಲ ಬರೆಯುವ ಪ್ರಶ್ನೆಯೇ ಇಲ್ಲ. ತಲೆಯಷ್ಟನ್ನು ಬರೆದು ಗೆರೆ ಎಳೆದುಕೊಂಡೇ ಎಡಕ್ಕೆ ಸಾಗುತ್ತದೆ. ರೂಪ ಬದಲಾಗುವ ಗುಟ್ಟು ಬಹುಮಟ್ಟಿಗೆ ಇಷ್ಟೇ. ಬಟ್ಟಲಿನ ಬಾಲ ಇರುವ ನೂನ್ (ن), ಲಾಮ್ (ل), ಸ್ವಾದ್ (ص), ಖಾಫ್ (ق), ಛೋಟೀ ಯೇ (ی), ಹಾಗೆಯೇ ಹೊಟ್ಟೆ ಕೆಳಗೆ ಇಳಿಬಿಡುವ ಜೀಮ್ (ج), ಐನ್ (ع) ಎಲ್ಲವೂ ಇದೇ ರೀತಿ ನಡೆದುಕೊಳ್ಳುತ್ತವೆ.

ಈಗ ಒಂದು ಕಾಗದ ತೆಗೆದುಕೊಂಡು 'ಸಬಬ್' ಎಂಬ ಪದ ಬರೆಯಿರಿ. ಕಾರಣ ಎಂದು ಅದರ ಅರ್ಥ. ಬೇಕಾದ ಅಕ್ಷರ ಮೂರು, ಒಂದು ಸೀನ್, ಎರಡು ಬೇ:

س + ب + ب = سبب

ಬಲಗಡೆಯಿಂದ ಶುರುಮಾಡಿ ಸೀನ್‌ನ ಮೂರು ಹಲ್ಲು ಬರೆಯಿರಿ. ಬಟ್ಟಲು ಬರೆಯಬೇಡಿ, ಲೇಖನಿ ಎತ್ತಲೂ ಬೇಡಿ. ಗೆರೆಯನ್ನು ಎಡಕ್ಕೆ ಎಳೆದು ಒಂದು ಪುಟ್ಟ ಹಲ್ಲು ಎಬ್ಬಿಸಿ. ಅದೇ ಮೊದಲ ಬೇ. ಉರ್ದುವಿನಲ್ಲಿ ಈ ಹಲ್ಲಿಗೆ ಶೋಶಾ ಎನ್ನುತ್ತಾರೆ. ಈಗ ಕೊನೆಯ ಬೇ ಬಂತು, ಅದರ ಮುಂದೆ ಯಾರೂ ಇಲ್ಲ, ಆದ್ದರಿಂದ ಅದಕ್ಕೆ ಬಾಲ ಉಂಟು: ದೋಣಿಯಂತೆ ಉದ್ದಕ್ಕೆ ಎಳೆದು ಎಡತುದಿಯನ್ನು ತುಸು ಮೇಲೆತ್ತಿ ನಿಲ್ಲಿಸಿ. ಲೇಖನಿ ಎತ್ತಿ. ಕೊನೆಯದಾಗಿ ಚುಕ್ಕೆಗಳು: ಹಲ್ಲಿನ ಕೆಳಗೊಂದು, ದೋಣಿಯ ಕೆಳಗೊಂದು. ಒಂದೇ ಪದದಲ್ಲಿ ಒಂದೇ ಅಕ್ಷರ ಎರಡು ಆಕಾರದಲ್ಲಿ ಪಕ್ಕಪಕ್ಕ ಕೂತಿರುವುದನ್ನು ಇಲ್ಲಿ ಕಾಣಬಹುದು.

ಪಠ್ಯಪುಸ್ತಕಗಳು ಹೇಳುವ ನಾಲ್ಕು ರೂಪಗಳು ಇವೇ: ಒಂಟಿ ب, ಆದಿ بـ, ಮಧ್ಯ ـبـ, ಅಂತ್ಯ ـب. ಆದಿಗೂ ಮಧ್ಯಕ್ಕೂ ಇರುವ ವ್ಯತ್ಯಾಸ ಬಲಗಡೆಯಿಂದ ಗೆರೆ ಬಂದು ಸೇರಿದೆಯೋ ಇಲ್ಲವೋ ಎಂಬುದಷ್ಟೇ. ಒಂಟಿಗೂ ಅಂತ್ಯಕ್ಕೂ ಅಷ್ಟೇ. ಆದ್ದರಿಂದ ಹೆಚ್ಚಿನ ಅಕ್ಷರಗಳಿಗೆ ನಿಜವಾಗಿ ನೆನಪಿಡಬೇಕಾದ ರೂಪ ಎರಡು, ಬಾಲ ಇರುವುದು ಮತ್ತು ಬಾಲ ಇಲ್ಲದ್ದು.

ಅಕ್ಷರದ ಮೈಯನ್ನೆಲ್ಲ ಮೊದಲು ಬರೆದು ಚುಕ್ಕೆಯನ್ನು ಆಮೇಲೆ ಇಡುವ ಈ ಕ್ರಮವನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ಒಂದೊಂದು ಹಲ್ಲಿಗೂ ನಿಂತು ಚುಕ್ಕೆ ಇಡುತ್ತ ಹೋದರೆ ಗೆರೆ ತುಂಡಾಗುತ್ತದೆ, ಮತ್ತೆ ಜೋಡಿಸಿದ ಕಡೆ ಗಂಟು ಬೀಳುತ್ತದೆ, ಆ ಗಂಟು ಓದುವವರಿಗೆ ಇನ್ನೊಂದು ಹಲ್ಲಿನಂತೆ ಕಾಣುತ್ತದೆ. ಕಾಫ್ ಮತ್ತು ಗಾಫ್‌ಗಳ (ک گ) ತಲೆಯ ಮೇಲಿನ ಓರೆ ಗೆರೆಯೂ ಚುಕ್ಕೆಗಳ ಜೊತೆಗೇ, ಕೊನೆಯಲ್ಲಿ.

ಎಡಕ್ಕೆ ಕೈ ಚಾಚದ ಒಂಬತ್ತು

ಇಡೀ ಲಿಪಿಯಲ್ಲಿ ನಿಜಕ್ಕೂ ಬಾಯಿಪಾಠ ಮಾಡಲೇಬೇಕಾದ ಪಟ್ಟಿ ಇದೊಂದೇ:

ا د ڈ ذ ر ڑ ز ژ و

ಬಲದಿಂದ: ಅಲಿಫ್, ದಾಲ್, ಡಾಲ್, ಝಾಲ್, ರೇ, ಡೇ, ಝೇ, ಝೇ (ಮೂರು ಚುಕ್ಕೆಯದು), ವಾವ್. ಇವು ತಮ್ಮ ಬಲಗಡೆಯ ಅಕ್ಷರದಿಂದ ಬರುವ ಗೆರೆಯನ್ನು ಹಿಡಿಯುತ್ತವೆ, ಎಡಗಡೆಗೆ ಮಾತ್ರ ಏನನ್ನೂ ಕೊಡುವುದಿಲ್ಲ. ಇವುಗಳ ನಂತರ ಲೇಖನಿ ಎತ್ತಲೇಬೇಕು, ಮುಂದಿನ ಅಕ್ಷರ ಪದದ ನಡುವೆ ಇದ್ದರೂ ಹೊಸದಾಗಿ, ಆದಿರೂಪದಲ್ಲಿ ಶುರುವಾಗಬೇಕು. ಆಕಾರದ ಲೆಕ್ಕದಲ್ಲಿ ಇವು ನಾಲ್ಕೇ: ನೆಟ್ಟ ಗೆರೆ, ಮಡಚಿದ ಮೊಣಕೈ, ಕೆಳಗೆ ಜಾರುವ ಕುಡುಗೋಲು, ತಲೆ ಗುಂಡಗಿರುವ ಕುಡುಗೋಲು. ಉಳಿದದ್ದೆಲ್ಲ ಮೇಲಿನ ಗುರುತಿನ ವ್ಯತ್ಯಾಸ.

ಇವು ಎಡಕ್ಕೂ ಕೂಡಿಬಿಟ್ಟರೆ ಏನಾಗುತ್ತದೆ ಎಂದು ಬರೆದು ನೋಡಿದರೆ ನಿಯಮ ಮನಸ್ಸಿನಲ್ಲಿ ಉಳಿಯುತ್ತದೆ. ಅಲಿಫ್‌ನ ಬುಡದಿಂದ ಎಡಕ್ಕೆ ಗೆರೆ ಎಳೆದರೆ ಅದು ಲಾಮ್. ವಾವ್‌ನ ಗುಂಡು ತಲೆಯಿಂದ ಗೆರೆ ಮುಂದುವರಿಸಿದರೆ ಅದು ಫೇ ಅಥವಾ ಖಾಫ್‌ನ ಮೈ. ಅಂದರೆ 'ತಪ್ಪಾಗಿ ಕೂಡಿಸುವುದು' ಬರಿಯ ಅಂದಗೇಡಲ್ಲ, ಅಕ್ಷರವೇ ಬದಲಾಗುತ್ತದೆ.

'ಉರ್ದು' ಎಂಬ ಪದವನ್ನೇ ನೋಡಿ: اردو. ಅಲಿಫ್, ರೇ, ದಾಲ್, ವಾವ್, ನಾಲ್ಕೂ ಇದೇ ಪಟ್ಟಿಯವು. ಆದ್ದರಿಂದ ಈ ಪದದಲ್ಲಿ ಒಂದು ಜೋಡಣೆಯೂ ಇಲ್ಲ. ದರ್ಬಾರ್ ಪದದಲ್ಲಿ ಒಂದೇ ಒಂದು ಜೋಡಣೆ ಇದೆ: دربار. ದಾಲ್ ಒಂಟಿ, ರೇ ಒಂಟಿ, ಆಮೇಲೆ ಬೇ ಮತ್ತು ಅಲಿಫ್ ಕೂಡಿ 'ಬಾ', ಕೊನೆಗೆ ಮತ್ತೆ ರೇ ಒಂಟಿ. ಒಟ್ಟು ನಾಲ್ಕು ತುಂಡು. ಬಾಜಾರ್ ಕೂಡ ನಾಲ್ಕೇ ತುಂಡು: بازار. ಮೊದಲಿಗೆ 'ಬಾ', ಬಳಿಕ ಝೇ, ಅಲಿಫ್, ರೇ ಬಿಡಿಬಿಡಿ.

ಬರೆದದ್ದು ಸರಿಯೇ ಎಂದು ತಾಳೆ ನೋಡಲು ಒಂದು ಸುಲಭದ ಲೆಕ್ಕವಿದೆ. ಪದದಲ್ಲಿ ಈ ಒಂಬತ್ತರ ಪೈಕಿ ಎಷ್ಟು ಅಕ್ಷರ ಬಂದಿವೆ ಎಂದು ಎಣಿಸಿ. ಪದದ ಕಟ್ಟಕಡೆಯ ಅಕ್ಷರವನ್ನು ಎಣಿಕೆಗೆ ಸೇರಿಸಬೇಡಿ. ಬಂದ ಸಂಖ್ಯೆಗೆ ಒಂದು ಕೂಡಿಸಿದರೆ ಪದ ಎಷ್ಟು ತುಂಡಾಗಿ ಕಾಣಬೇಕೋ ಅಷ್ಟು ಸಿಗುತ್ತದೆ. ದರ್ಬಾರ್‌ನಲ್ಲಿ ದಾಲ್, ರೇ, ಅಲಿಫ್ ಮೂರು, ಕೊನೆಯ ರೇ ಲೆಕ್ಕಕ್ಕಿಲ್ಲ. ಮೂರಕ್ಕೆ ಒಂದು ಸೇರಿ ನಾಲ್ಕು. ಸಬಬ್‌ನಲ್ಲಿ ಸೊನ್ನೆ, ಆದ್ದರಿಂದ ಒಂದೇ ತುಂಡು.

ಈ ತುಂಡುಗಳ ನಡುವಿನ ಸಂದು ಪದಗಳ ನಡುವಿನ ಜಾಗವಲ್ಲ. ಹೊಸಬರು ದರ್ಬಾರ್ ಎಂಬುದನ್ನು ನಾಲ್ಕು ಪದವೆಂದು ಓದಿ ಕಂಗಾಲಾಗುವುದು ಈ ಕಾರಣಕ್ಕೆ. ಪದ ಮುಗಿಯಿತೇ ಎಂದು ತಿಳಿಯಲು ಸಂದಿನ ಅಗಲಕ್ಕಿಂತ ಬಾಲವನ್ನು ನಂಬಿ: ಕೂಡಬಲ್ಲ ಅಕ್ಷರವೊಂದು ಪೂರ್ತಿ ಬಾಲದೊಂದಿಗೆ ನಿಂತಿದ್ದರೆ ಸಾಮಾನ್ಯವಾಗಿ ಪದ ಅಲ್ಲಿ ಮುಗಿದಂತೆ. ಕೈ ಚಾಚದ ಅಕ್ಷರದ ಬಳಿ ಸಂದು ಕಂಡರೆ ಏನನ್ನೂ ಹೇಳುವಂತಿಲ್ಲ, ಮುಂದಕ್ಕೆ ಓದಿ ನೋಡಬೇಕು.

ಹಲ್ಲು ಎಣಿಸಿ, ಆಮೇಲೆ ಚುಕ್ಕೆ ಎಣಿಸಿ

ಬಾಲ ಕಳಚಿದ ಮೇಲೆ ಬೇ, ಪೇ, ತೇ, ಟೇ, ಸೇ, ನೂನ್, ಯೇ, ಈ ಏಳೂ ಅಕ್ಷರಗಳು (ب پ ت ٹ ث ن ی) ಒಂದೇ ಹಲ್ಲಾಗಿ ಉಳಿಯುತ್ತವೆ. ನಬಾತಿ ಬರಹ ವೇಗವಾಗಿ, ಕೂಡಿಸಿ ಬರೆಯುವ ಕೈಗೆ ಸಿಕ್ಕಿ ಬೇರೆ ಬೇರೆ ಅಕ್ಷರಗಳು ಒಂದೇ ಆಕಾರಕ್ಕೆ ಸವೆದುಹೋದವು. ಆ ಗೊಂದಲವನ್ನು ಬಿಡಿಸಲು ಚುಕ್ಕೆಗಳು ನೆರವಾದವು. ಹಿಜರಿ 22ರ, ಅಂದರೆ ಕ್ರಿ.ಶ. 643ರ ಒಂದು ಪಪೈರಸ್ ಹಾಳೆಯಲ್ಲಿ ಆಗಲೇ ಕೆಲವು ಅಕ್ಷರಗಳಿಗೆ ಚುಕ್ಕೆ ಇದೆ. ಉರ್ದುವಿಗೆ ಟ, ಡ ಮತ್ತು ಡೇ ಬೇಕಾದಾಗ ಚುಕ್ಕೆಯ ಬದಲು ಪುಟ್ಟ ತೋಯ್ (ط) ಗುರುತನ್ನು ಮೇಲೆ ಕೂರಿಸಿಕೊಂಡರು.

ಈ ನಾಲ್ಕು ಪದಗಳನ್ನು ನೋಡಿ:

بیٹا، پیتا، نیتا، بنتا

ಬಲದಿಂದ: ಬೇಟಾ (ಮಗ), ಪೀತಾ (ಕುಡಿಯುತ್ತಾನೆ), ನೇತಾ (ನಾಯಕ), ಬನ್‌ತಾ (ಆಗುತ್ತಾನೆ). ಚುಕ್ಕೆಗಳನ್ನೂ ಆ ಪುಟ್ಟ ತೋಯ್‌ಯನ್ನೂ ಬೆರಳಿನಿಂದ ಮುಚ್ಚಿದರೆ ನಾಲ್ಕರ ಮೈಯೂ ಒಂದೇ: ಮೂರು ಹಲ್ಲು, ಒಂದು ನೆಟ್ಟ ಅಲಿಫ್. ಅರ್ಥವೆಲ್ಲ ಚುಕ್ಕೆಯ ಮೇಲೆ ನಿಂತಿದೆ. ಓದುವ ಕ್ರಮ ಹೀಗಿರಲಿ: ಮೊದಲು ಹಲ್ಲುಗಳನ್ನು ಬಲದಿಂದ ಎಣಿಸಿ, ನಂತರ ಮೇಲಿನ ಗುರುತುಗಳನ್ನು, ಕೊನೆಗೆ ಕೆಳಗಿನವನ್ನು ಬಲದಿಂದಲೇ ಹಂಚುತ್ತ ಬನ್ನಿ. ಕೆಳಗೆ ಒಂದು ಚುಕ್ಕೆ ಬೇ, ಎರಡು ಯೇ, ಮೂರು ಪೇ. ಮೇಲೆ ಒಂದು ನೂನ್, ಎರಡು ತೇ, ಮೂರು ಸೇ, ಪುಟ್ಟ ತೋಯ್ ಇದ್ದರೆ ಟೇ.

ಎಣಿಸುವ ಅಭ್ಯಾಸ ಯಾಕೆ ಬೇಕೆಂದರೆ, ಅವಸರದ ಕೈಬರಹದಲ್ಲಿ ಚುಕ್ಕೆ ತನ್ನ ಹಲ್ಲಿನ ನೇರ ಕೆಳಗೆ ಬೀಳುವುದಿಲ್ಲ, ಸಾಮಾನ್ಯವಾಗಿ ಸ್ವಲ್ಪ ಸರಿದಿರುತ್ತದೆ. ಬೀದರ್ ಎಂಬ ಊರ ಹೆಸರು ಒಳ್ಳೆಯ ಪರೀಕ್ಷೆ: بیدر. ಬೇಯ ಒಂದು ಚುಕ್ಕೆ, ಪಕ್ಕದ ಯೇಯ ಎರಡು ಚುಕ್ಕೆ, ಮೂರೂ ಕೆಳಗೆ. ಅವು ಒತ್ತಿಕೊಂಡು ಕೂತರೆ ಪೇಯ ಮೂರು ಚುಕ್ಕೆಯಂತೆ ಕಾಣುತ್ತವೆ. ಆದರೆ ಹಲ್ಲು ಎರಡಿವೆ. ಮೂರೂ ಚುಕ್ಕೆಯನ್ನು ಒಂದೇ ಹಲ್ಲಿಗೆ ಕೊಟ್ಟರೆ ಇನ್ನೊಂದು ಹಲ್ಲು ಬರಿದಾಗಿ ಉಳಿಯುತ್ತದೆ, ಬರಿಯ ಹಲ್ಲು ಎಂಬ ಅಕ್ಷರ ಉರ್ದುವಿನಲ್ಲಿ ಇಲ್ಲ. ಹಾಗಾಗಿ ಒಂದು ಮತ್ತು ಎರಡು ಎಂದೇ ಹಂಚಬೇಕು.

ಯೇ ಬಗ್ಗೆ ಒಂದು ಮಾತು. ಪದದ ನಡುವೆ ಎರಡು ಚುಕ್ಕೆ ಹೊತ್ತಿರುವ ಯೇ, ಪದದ ಕೊನೆಗೆ ಬಂದಾಗ ಚುಕ್ಕೆ ಕಳಚಿಡುತ್ತದೆ. ಅಲ್ಲಿ ಅದರ ಆಕಾರವೇ ಸಾಕಷ್ಟು ಬೇರೆಯಾಗಿರುವುದರಿಂದ ಚುಕ್ಕೆಯ ಆಸರೆ ಬೇಡ. ಕೊನೆಯಲ್ಲಿ 'ಈ' ಸ್ವರಕ್ಕೆ ی, 'ಏ' ಸ್ವರಕ್ಕೆ ಬಲಕ್ಕೆ ಮರಳಿ ಚಾಚಿದ ے. ಪದದ ನಡುವೆ ಮಾತ್ರ ಎರಡಕ್ಕೂ ಅದೇ ಹಲ್ಲು, ಅದೇ ಎರಡು ಚುಕ್ಕೆ. ಬೇಟಾ ಮತ್ತು ಪೀತಾ ಪದಗಳಲ್ಲಿ ಒಂದು ಯೇ 'ಏ' ಆಗಿ, ಇನ್ನೊಂದು 'ಈ' ಆಗಿ ಉಚ್ಚಾರವಾಗುವುದನ್ನು ಗಮನಿಸಿ. ಅಲ್ಲಿ ಓದುಗ ಪದ ಗೊತ್ತಿದ್ದೇ ಓದಬೇಕು. ಹ್ರಸ್ವ ಸ್ವರಗಳಂತೂ ಸಾಮಾನ್ಯ ಬರಹದಲ್ಲಿ ಕಾಣುವುದೇ ಇಲ್ಲ.

ತಹಶೀಲ್ದಾರನನ್ನು ಬಿಡಿಸೋಣ

تحصیلدار

ಅಕ್ಷರ ಎಂಟು: ت ح ص ی ل د ا ر. ಕೈ ಚಾಚದವು ದಾಲ್, ಅಲಿಫ್, ಕೊನೆಯ ರೇ. ಕೊನೆಯದನ್ನು ಬಿಟ್ಟರೆ ಎರಡು, ಒಂದು ಸೇರಿಸಿ ಮೂರು ತುಂಡು. ಮೊದಲ ತುಂಡಿನಲ್ಲೇ ಆರು ಅಕ್ಷರ ಹೆಣೆದುಕೊಂಡಿವೆ, ಉಳಿದ ಎರಡು ಒಂಟಿ.

ಬಲತುದಿಯಲ್ಲಿ ತೇ, ಒಂದು ಹಲ್ಲು ಮಾತ್ರ. ಅದು ಇಳಿದು ಬಡೀ ಹೇ (ح) ತಲೆಗೆ ಸೇರುತ್ತದೆ. ಬಡೀ ಹೇಯ ಕೆಳಹೊಟ್ಟೆ ಇಲ್ಲ, ಕೊಕ್ಕಿನಂಥ ತಲೆಯಷ್ಟೇ. ಮುಂದೆ ಸ್ವಾದ್: ಅಡ್ಡ ಮಲಗಿದ ಬಾದಾಮಿಯಂಥ ಕುಣಿಕೆ, ಅದರ ಎಡಕ್ಕೆ ಅಂಟಿದ ಒಂದು ಸಣ್ಣ ಹಲ್ಲು. ಈ ಹಲ್ಲು ಸ್ವಾದ್‌ನದೇ ಭಾಗ. ಅದರ ಪಕ್ಕದ ಇನ್ನೊಂದು ಹಲ್ಲು ಯೇ. ಈ ಪದ ಬರೆಯುವಾಗ ಹೆಚ್ಚಾಗಿ ಆಗುವ ತಪ್ಪು ಇಲ್ಲೇ: ಕುಣಿಕೆಯ ನಂತರ ಒಂದೇ ಹಲ್ಲು ಹಾಕಿ ಅದರ ಕೆಳಗೆ ಎರಡು ಚುಕ್ಕೆ ಇಟ್ಟುಬಿಡುತ್ತಾರೆ. ಆಗ ಯೇ ಉಳಿಯಿತು, ಸ್ವಾದ್ ಅರ್ಧವಾಯಿತು. ಕುಣಿಕೆಯ ನಂತರ ಎರಡು ಹಲ್ಲು ಇವೆಯೇ ಎಂದು ಎಣಿಸಿ. ಮುಂದಿನ ಲಾಮ್ ಎತ್ತರಕ್ಕೆ ನೆಟ್ಟ ಗೆರೆ, ಬಟ್ಟಲು ಇಲ್ಲದೆ ಬುಡದಿಂದ ಎಡಕ್ಕೆ ಹರಿದು ದಾಲ್‌ಗೆ ಮುಟ್ಟುತ್ತದೆ. ದಾಲ್ ಮುಗಿದಾಗ ಲೇಖನಿ ಎತ್ತಿ, ಅಲಿಫ್ ನೆಟ್ಟು, ಮತ್ತೆ ಎತ್ತಿ ರೇ ಬರೆದರೆ ಮೈ ಪೂರ್ತಿ. ನೆಟ್ಟ ಗೆರೆ ಎರಡಿವೆ: ಬುಡ ಎಡಕ್ಕೆ ಅಂಟಿರುವುದು ಲಾಮ್, ಸ್ವತಂತ್ರವಾಗಿ ನಿಂತಿರುವುದು ಅಲಿಫ್.

ಚುಕ್ಕೆ ಒಟ್ಟು ನಾಲ್ಕು. ತೇಯ ಮೇಲೆ ಎರಡು, ಯೇಯ ಕೆಳಗೆ ಎರಡು. ಸ್ವಾದ್ ಮೇಲೆ ತಪ್ಪಿ ಒಂದು ಚುಕ್ಕೆ ಬಿದ್ದರೆ ಅದು ಝ್ವಾದ್ (ض) ಆಗುತ್ತದೆ. ಆ ಝ್ವಾದ್ ಇರುವುದು ನಮ್ಮ ಅರ್ಜಿಯಲ್ಲಿ, عرضی, ಮತ್ತು ಜಿಲ್ಲೆಯಲ್ಲಿ, ضلع.

ಗುರುತೇ ಸಿಗದಂತೆ ಬದಲಾಗುವ ಎರಡು

ಬಾಲ ಬಿಡುವ ನಿಯಮ ಪೂರ್ತಿ ನೆರವಾಗದ ಅಕ್ಷರಗಳೂ ಇವೆ. ಐನ್ ಅಂಥದ್ದು. ಒಂಟಿ ع ಮತ್ತು ಆದಿಯ عـ ಎರಡರಲ್ಲೂ ತಲೆ ತೆರೆದ ಬಾಯಿಯಂತಿದೆ. ಬಲದಿಂದ ಗೆರೆ ಬಂದು ಸೇರಿದ ಕೂಡಲೇ, ಅಂದರೆ ـعـ ಮತ್ತು ـع ರೂಪಗಳಲ್ಲಿ, ಆ ಬಾಯಿ ಮುಚ್ಚಿ ಪುಟ್ಟ ಮುಕ್ಕೋನದ ಗಂಟಾಗುತ್ತದೆ. ಒಳಬರುವ ಗೆರೆ ಬಾಯಿಯ ಮೇಲಂಚಿಗೆ ಹಾಯ್ದು ಅದನ್ನು ಮುಚ್ಚುವುದರಿಂದ ಹೀಗೆ. ಅರ್ಜಿಯ ಮೊದಲಲ್ಲಿ ತೆರೆದ ಐನ್, ಜಿಲ್ಲೆಯ ಕೊನೆಯಲ್ಲಿ ಮುಚ್ಚಿದ ಐನ್: ಎರಡನ್ನೂ ಪಕ್ಕಪಕ್ಕ ಬರೆದು ನೋಡಿ.

ಇನ್ನೊಂದು ಛೋಟೀ ಹೇ (ہ). ಕೂಡಿದಾಗ ಇದು ಗೆರೆಯಲ್ಲಿನ ಒಂದು ಮಡಿಕೆಯಾಗಿ, ಕೆಳಗೆ ಅಲ್ಪವಿರಾಮದಂಥ ಕೊಕ್ಕೆ ತೂಗುಹಾಕಿಕೊಳ್ಳುತ್ತದೆ. ಅದರ ಜೊತೆಗಾರ ದೋ ಚಶ್ಮೀ ಹೇ, ಅಂದರೆ ಎರಡು ಕಣ್ಣಿನ ಹೇ (ھ), ಎಲ್ಲಿ ಬಂದರೂ ಎರಡು ಕಣ್ಣು ಉಳಿಸಿಕೊಳ್ಳುತ್ತದೆ. ಉರ್ದುವಿನಲ್ಲಿ ಮಹಾಪ್ರಾಣಕ್ಕೆ ಬೇರೆ ಅಕ್ಷರವಿಲ್ಲ, ಅಲ್ಪಪ್ರಾಣದ ಪಕ್ಕ ಈ ಎರಡು ಕಣ್ಣು ಇಟ್ಟರೆ ಮಹಾಪ್ರಾಣ. ಹಾಗಾಗಿ کہا ಎಂದರೆ 'ಕಹಾ', ಹೇಳಿದ. کھا ಎಂದರೆ 'ಖಾ', ತಿನ್ನು. ಕೊಕ್ಕೆಯೋ ಕಣ್ಣೋ ಎಂಬುದೊಂದೇ ವ್ಯತ್ಯಾಸ.

ಇಳಿಜಾರಿನ ಬರಹ

ಉರ್ದುವನ್ನು ರೂಢಿಯಾಗಿ ಬರೆಯುವುದು ನಸ್ತಾಲೀಕ್ ಶೈಲಿಯಲ್ಲಿ. ಇರಾನಿನಲ್ಲಿ 14ನೇ ಶತಮಾನದ ಹೊತ್ತಿಗೆ ರೂಪುಗೊಂಡ ಶೈಲಿ ಇದು. ಅರಬ್ಬಿ ಮುದ್ರಣದ ನಸ್ಖ್ ಶೈಲಿಯಲ್ಲಿ ಅಕ್ಷರಗಳು ಒಂದೇ ಸಮತಲದ ಗೆರೆಯ ಮೇಲೆ ಸಾಗುತ್ತವೆ. ನಸ್ತಾಲೀಕ್‌ನಲ್ಲಿ ಕೂಡಿದ ಪ್ರತಿ ತುಂಡೂ ಮೇಲಿನಿಂದ ಹೊರಟು ಎಡಕ್ಕೆ ಇಳಿಯುತ್ತ ಬಂದು, ಕೊನೆಯ ಅಕ್ಷರದಲ್ಲಿ ಸಾಲಿನ ಮೇಲೆ ಕೂರುತ್ತದೆ. ತಹಶೀಲ್ದಾರ್ ಪದದ ತೇ ಎಷ್ಟು ಎತ್ತರದಲ್ಲಿ ಶುರುವಾಗಬೇಕು ಎಂಬುದು ಮುಂದೆ ಎಷ್ಟು ಅಕ್ಷರ ಬರಲಿವೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಬರೆಯುವ ಮೊದಲೇ ತುಂಡಿನ ಕೊನೆ ಗೊತ್ತಿರಬೇಕು. ಗೊತ್ತಿಲ್ಲದೆ ಸಾಲಿನ ಮಟ್ಟದಲ್ಲೇ ಶುರುಮಾಡಿದರೆ ದಾಲ್ ಬರುವಷ್ಟರಲ್ಲಿ ಸಾಲಿನ ಕೆಳಗೆ ಬಿದ್ದಿರುತ್ತೀರಿ.

ಇಲ್ಲಿ ಅಳತೆಗೆ ಚುಕ್ಕೆಯೇ ಮಾನ. ಓರೆಯಾಗಿ ಕೊಯ್ದ ಕಲಮನ್ನು ಒತ್ತಿದಾಗ ಬೀಳುವ ಒಂದು ವಜ್ರಾಕಾರದ ಚುಕ್ಕೆಯ ಅಗಲಕ್ಕೆ ಕತ್ ಎನ್ನುತ್ತಾರೆ. ನಸ್ತಾಲೀಕ್‌ನ ಅಲಿಫ್ ಮೂರು ಕತ್ ಎತ್ತರ. ಅಭ್ಯಾಸಕ್ಕೆ ಕೊಯ್ದ ಕಲಮು ಸಿಗದಿದ್ದರೆ ಚಪ್ಪಟೆ ತುದಿಯ ಮಾರ್ಕರ್ ಸಾಕು, ಗುಂಡು ತುದಿಯ ಪೆನ್ನಿನಲ್ಲಿ ಗೆರೆಯ ದಪ್ಪ ತೆಳು ಬರುವುದಿಲ್ಲ.

ಇನ್ನೂ ಒಂದು ಸೂಕ್ಷ್ಮ. ನಸ್ತಾಲೀಕ್‌ನಲ್ಲಿ ಬೇಯ ಹಲ್ಲು ಯಾವ ಅಕ್ಷರದ ಮುಂದೆ ಬರುತ್ತದೆ ಎಂಬುದರ ಮೇಲೆ ಅದರ ಬಾಗು ಬದಲಾಗುತ್ತದೆ: ಅಲಿಫ್‌ನ ಮುಂದೆ ಒಂದು ಥರ, ಜೀಮ್‌ನ ಮುಂದೆ ಒಂದು ಥರ, ರೇಯ ಮುಂದೆ ಮತ್ತೊಂದು. ಕಾಫ್ ಕೂಡ ಅಲಿಫ್ ಅಥವಾ ಲಾಮ್ ಎದುರಾದರೆ ದುಂಡಗಾಗುತ್ತದೆ (کا). ಅಚ್ಚಿನ ಮೊಳೆಗಳಿಗೆ ಈ ಲಿಪಿ ಬಗ್ಗದೆ ಹೋದದ್ದು ಇದರಿಂದಲೇ. ಉರ್ದು ಪತ್ರಿಕೆಗಳನ್ನು ಬಹುಕಾಲ ಕಾತಿಬ್‌ಗಳು ಕೈಯಲ್ಲೇ ಬರೆದು ಕಲ್ಲಚ್ಚಿಗೆ ಕೊಡುತ್ತಿದ್ದರು. 1927ರಲ್ಲಿ ಶುರುವಾದ ಚೆನ್ನೈನ 'ದಿ ಮುಸಲ್ಮಾನ್' ಕಂಪ್ಯೂಟರ್ ಕಾಲದಲ್ಲೂ ಕೈಬರಹವನ್ನು ಉಳಿಸಿಕೊಂಡ ಪತ್ರಿಕೆ. ಪಾಕಿಸ್ತಾನದ ಲಿಪಿಕಾರ ಮಿರ್ಜಾ ಅಹ್ಮದ್ ಜಮೀಲ್ 1981ರಲ್ಲಿ ನೂರಿ ನಸ್ತಾಲೀಕ್ ಎಂಬ ಫಾಂಟನ್ನು ಹೊರತಂದಾಗ, ಅಕ್ಷರಗಳ ಜೋಡಣೆಗಳನ್ನೇ ಸುಮಾರು 20,000ದಷ್ಟು ಬರೆದು ಯಂತ್ರಕ್ಕೆ ತುಂಬಬೇಕಾಯಿತು.

ಟೈಪ್ ಮಾಡುವಾಗ

ಈಗಿನ ಫೋನು, ಕಂಪ್ಯೂಟರುಗಳಲ್ಲಿ ಒಂದು ಅಕ್ಷರಕ್ಕೆ ಒಂದೇ ಸಂಕೇತ. ರೂಪ ಆರಿಸುವುದು ತೆರೆಯ ಮೇಲೆ ತೋರಿಸುವ ತಂತ್ರಾಂಶ ಮತ್ತು ಫಾಂಟಿನ ಕೆಲಸ. ಉಚ್ಚಾರದ ಕ್ರಮದಲ್ಲೇ ಒತ್ತುತ್ತ ಹೋಗಿ. ಸೀನ್ ಒತ್ತಿದಾಗ ಪೂರ್ತಿ ಬಟ್ಟಲು ಮೂಡುತ್ತದೆ, ಬೇ ಒತ್ತಿದ ಕ್ಷಣ ಬಟ್ಟಲು ಮಾಯವಾಗಿ ಹಲ್ಲಷ್ಟೇ ಉಳಿಯುತ್ತದೆ. ಸಬಬ್ ಪದವನ್ನು ಒಮ್ಮೆ ನಿಧಾನವಾಗಿ ಒತ್ತಿ ಇದನ್ನು ನೋಡಿದರೆ ಮೇಲಿನ ನಿಯಮ ಕಣ್ಣಿಗೆ ಕಟ್ಟುತ್ತದೆ.

ಸಂದು ಕಂಡಲ್ಲೆಲ್ಲ ಸ್ಪೇಸ್ ಒತ್ತಬೇಡಿ. ದರ್ಬಾರ್ ಪದದೊಳಗೆ ಸ್ಪೇಸ್ ಇಲ್ಲ. ಇದಕ್ಕೆ ಎದುರಾದ ತಪ್ಪೂ ಇದೆ: ಪದ ಕೈ ಚಾಚದ ಅಕ್ಷರದಲ್ಲಿ ಮುಗಿದರೆ ಸ್ಪೇಸ್ ಮರೆತರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಹುಡುಕಿದಾಗ ಮಾತ್ರ ಪದ ಸಿಗದೆ ಹೋಗುತ್ತದೆ.

ಹುಡುಕಾಟ ಸೋಲಲು ಇನ್ನೊಂದು ಕಾರಣ ಅರಬ್ಬಿ ಕೀಲಿಮಣೆ. ಉರ್ದು ಕಾಫ್ ک (U+06A9) ಮತ್ತು ಅರಬ್ಬಿ ಕಾಫ್ ك (U+0643) ಪದದ ನಡುವೆ ಒಂದೇ ತೆರನಾಗಿ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಬೇರೆ. ಯೇಯ ಕಥೆಯೂ ಇದೇ: ಉರ್ದುವಿನದು ی (U+06CC), ಅರಬ್ಬಿಯದು ي (U+064A), ಅದು ಪದದ ಕೊನೆಯಲ್ಲೂ ಚುಕ್ಕೆ ಬಿಡುವುದಿಲ್ಲ. ಕೊನೆಯ ಯೇಯಲ್ಲಿ ಎರಡು ಚುಕ್ಕೆ ಕಂಡರೆ ಅರಬ್ಬಿ ಕೀಲಿಮಣೆಯಲ್ಲಿ ಟೈಪ್ ಆಗಿದೆ ಎಂದು ತಿಳಿಯಿರಿ.

ಜಾಲಪುಟದಲ್ಲಿ ಉರ್ದು ಹಾಕುವಾಗ ಸಾಲಿನ ದಿಕ್ಕನ್ನು ಹೇಳಲೇಬೇಕು:

```html
<p dir="rtl" lang="ur">یہ بازار ہے!</p>
```

`dir="rtl"` ಬಿಟ್ಟರೂ ಅಕ್ಷರಗಳು ಬಲದಿಂದಲೇ ಸಾಗುತ್ತವೆ, ಆದರೆ ಕೊನೆಯ ಆಶ್ಚರ್ಯಸೂಚಕ ಸಾಲಿನ ಬಲತುದಿಗೆ, ಅಂದರೆ ವಾಕ್ಯದ ಆರಂಭಕ್ಕೆ ಹಾರುತ್ತದೆ. ಅದಕ್ಕೆ ಸ್ವಂತ ದಿಕ್ಕಿಲ್ಲ, ಸುತ್ತಲಿನ ಸಾಲಿನ ದಿಕ್ಕನ್ನೇ ಹಿಡಿಯುತ್ತದೆ. ನಸ್ತಾಲೀಕ್‌ನಲ್ಲಿ ಕಾಣಬೇಕಾದರೆ `Noto Nastaliq Urdu` ಫಾಂಟ್ ಬಳಸಿ, ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಅಳತೆಯ ಎರಡು ಪಟ್ಟಿನಷ್ಟಾದರೂ ಇಡಿ. ಇಳಿಜಾರಿನ ಬರಹವಾದ್ದರಿಂದ ಕಡಿಮೆ ಜಾಗದಲ್ಲಿ ಮೇಲಿನ ಸಾಲಿನ ಬಾಲ ಕೆಳಗಿನ ಸಾಲಿನ ಚುಕ್ಕೆಗೆ ತಾಗುತ್ತದೆ.

ಫಲಕ, ಬ್ಯಾನರ್, ಆಮಂತ್ರಣ ಅಚ್ಚಿಗೆ ಹೋಗುವಾಗ ಆಗುವ ದೊಡ್ಡ ಅನಾಹುತ ಬೇರೆ. ಕೆಲವು ವಿನ್ಯಾಸ ತಂತ್ರಾಂಶಗಳಿಗೆ, ಬಲದಿಂದ ಎಡಕ್ಕೆ ಹೋಗುವ ಲಿಪಿಯ ಸೌಲಭ್ಯವನ್ನು ಆನ್ ಮಾಡದಿದ್ದರೆ, ಅಕ್ಷರ ಕೂಡಿಸಲು ಬರುವುದಿಲ್ಲ. ಆಗ ಪ್ರತಿ ಅಕ್ಷರವೂ ಒಂಟಿ ರೂಪದಲ್ಲಿ, ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲುತ್ತದೆ. ಉರ್ದು ಬಾರದವರೂ ಇದನ್ನು ಹಿಡಿಯಬಹುದು. ಪದ ಕಳುಹಿಸಿದವರ ಫೋನಿನಲ್ಲಿ ಅದು ಹೇಗೆ ಕಾಣುತ್ತದೆಯೋ ಅದನ್ನೂ ಅಚ್ಚಿನ ಕರಡನ್ನೂ ಅಕ್ಕಪಕ್ಕ ಇಡಿ. ತುಂಡುಗಳ ಸಂಖ್ಯೆ ಎರಡರಲ್ಲೂ ಒಂದೇ ಇರಬೇಕು. ಬಟ್ಟಲು, ದೋಣಿಯಂಥ ದೊಡ್ಡ ಬಾಲ ಪದದ ನಡುವೆ ಕಂಡರೆ, ಕರಡು ಕೆಟ್ಟಿದೆ. ಇದಾದ ಮೇಲೂ ಫೈಲನ್ನು ಬೇರೆ ಯಂತ್ರದಲ್ಲಿ ತೆರೆದಾಗ ಬದಲಾಗದಿರಲು, ಸರಿಯಾಗಿ ಕೂಡಿಕೊಂಡ ಅಕ್ಷರಗಳನ್ನು ರೇಖಾಚಿತ್ರವಾಗಿ ಪರಿವರ್ತಿಸಿ ಪಿಡಿಎಫ್ ಮಾಡಿಯೇ ಅಚ್ಚಿನ ಮನೆಗೆ ಕಳುಹಿಸಿ, ಮತ್ತು ಚುಕ್ಕೆಗಳನ್ನು ಅಲ್ಲಿ ಕೊನೆಯದಾಗಿ ಒಮ್ಮೆ ಎಣಿಸಿ.